ನಾಟಕದ ವಿಡಿಯೋ, ಡೇಟಾ ಖರ್ಚಿಲ್ಲದೆ: ಯಾವ ಫೋನಿಗೆ ಯಾವ ಆ್ಯಪ್?

ಗುಬ್ಬಿ, ತುರುವೇಕೆರೆ, ತಿಪಟೂರು ಕಡೆ ಊರಿನವರೇ ಬಣ್ಣ ಹಚ್ಚಿ ಕುರುಕ್ಷೇತ್ರ ಆಡುತ್ತಾರೆ. ರಾತ್ರಿ ಶುರುವಾದ ನಾಟಕ ಮುಗಿಯುವಷ್ಟರಲ್ಲಿ ಬೆಳಕು ಹರಿದಿರುತ್ತದೆ. ಈಗ ವೇದಿಕೆ ಮುಂದೆ ಒಬ್ಬರಾದರೂ ಸ್ಟ್ಯಾಂಡ್ ಹಾಕಿ ಫೋನಿನಲ್ಲೇ ರೆಕಾರ್ಡ್ ಮಾಡುತ್ತಿರುತ್ತಾರೆ. ನಾಟಕ ಮುಗಿದ ಕೂಡಲೇ ಅವರ ಸುತ್ತ ಜನ. ದುರ್ಯೋಧನನ ಪಾತ್ರದವರು ಕಿರೀಟ ಇಳಿಸುವ ಮೊದಲೇ ಬಂದು ಕೇಳುತ್ತಾರೆ: "ಅಣ್ಣ, ನನ್ ಸೀನ್ ಒಂದು ಕಳ್ಸಿಬಿಡು, ಬೆಳಿಗ್ಗೆ ಬಸ್ಸಿಗೆ ಹೊರಡ್ಬೇಕು."

ಆ ಒಂದು ಸೀನ್ ಎಷ್ಟು ದೊಡ್ಡದು ಅಂತ ಮೊದಲು ನೋಡೋಣ. ಸಾಮಾನ್ಯ ಆಂಡ್ರಾಯ್ಡ್ ಫೋನು ಫುಲ್ ಎಚ್‌ಡಿಯಲ್ಲಿ ರೆಕಾರ್ಡ್ ಮಾಡಿದರೆ ನಿಮಿಷಕ್ಕೆ ಸುಮಾರು 130 ಎಂಬಿ ತುಂಬುತ್ತದೆ. ಕೃಷ್ಣನ ರಾಯಭಾರದ ಸೀನು ಹಾಡು, ಕಂದ ಎಲ್ಲ ಸೇರಿ 45 ನಿಮಿಷ ನಡೆಯಿತು ಅಂದುಕೊಳ್ಳಿ. ಫೈಲು 5.8 ಜಿಬಿ ಹತ್ತಿರ ಬರುತ್ತದೆ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಇರುವವರು ಇದನ್ನು ಇಂಟರ್ನೆಟ್‌ನಲ್ಲಿ ಕಳಿಸಲು ಹೊರಟರೆ ನಾಲ್ಕು ದಿನದ ಡೇಟಾ ಬೇಕು. ತಗೊಳ್ಳುವವರಿಗೂ ಡೌನ್‌ಲೋಡ್‌ಗೆ ಅಷ್ಟೇ ಬೇಕು. ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಮಾಡಿ ಹಾಕೋಣ ಅಂದರೆ ಅಲ್ಲಿ 2 ಜಿಬಿ ದಾಟುವ ಹಾಗಿಲ್ಲ. ವಿಡಿಯೋ ಆಗಿಯೇ ಹಾಕಿದರೆ ಅದು ಒತ್ತಿ ಚಿಕ್ಕದು ಮಾಡುತ್ತದೆ, ಮುಖದ ಬಣ್ಣವೆಲ್ಲ ಕಲಸಿಹೋಗುತ್ತದೆ.

ಎರಡೂ ಫೋನು ಪಕ್ಕಪಕ್ಕದಲ್ಲೇ ಇರುವಾಗ ಇಂಟರ್ನೆಟ್ ಬೇಕಾಗಿಯೇ ಇಲ್ಲ. ಫೋನಿನ ವೈಫೈ ರೇಡಿಯೋಗಳು ಒಂದಕ್ಕೊಂದು ನೇರವಾಗಿ ಮಾತಾಡಿಕೊಳ್ಳಬಲ್ಲವು. ಯಾವ ಆ್ಯಪ್ ಒಳ್ಳೆಯದು ಅಂತ ಕೇಳುವ ಮುಂಚೆ ಕೈಯಲ್ಲಿರುವ ಆ ಎರಡು ಫೋನು ಯಾವುವು ಅಂತ ನೋಡಬೇಕು. ಎರಡೂ ಆಂಡ್ರಾಯ್ಡಾ? ಒಂದು ಐಫೋನಾ? ತಗೊಳ್ಳುವವರು ಒಬ್ಬರಾ, ಎಂಟು ಜನವಾ? ಉತ್ತರ ಅಲ್ಲೇ ಇದೆ.

ಎರಡೂ ಆಂಡ್ರಾಯ್ಡ್ ಆದರೆ ಕ್ವಿಕ್ ಶೇರ್

ಇದಕ್ಕೆ ಏನನ್ನೂ ಹಾಕಿಕೊಳ್ಳಬೇಕಿಲ್ಲ, ಫೋನಿನಲ್ಲೇ ಇರುತ್ತದೆ. 2020ರಲ್ಲಿ ಗೂಗಲ್ ಇದನ್ನು ನಿಯರ್‌ಬೈ ಶೇರ್ ಅಂತ ತಂದಿತು. 2024ರ ಜನವರಿಯಲ್ಲಿ ಸ್ಯಾಮ್ಸಂಗ್‌ನ ಕ್ವಿಕ್ ಶೇರ್ ಜೊತೆ ಸೇರಿಸಿ ಅದೇ ಹೆಸರಿಟ್ಟಿತು. ಹಾಗಾಗಿ ಈಗ ಸ್ಯಾಮ್ಸಂಗ್‌ನಿಂದ ಬೇರೆ ಕಂಪನಿಯ ಆಂಡ್ರಾಯ್ಡ್‌ಗೂ ಹೋಗುತ್ತದೆ. ಪ್ಲೇ ಸ್ಟೋರ್‌ನಲ್ಲಿ ಇದೇ ತರಹದ ಹೆಸರಿಟ್ಟುಕೊಂಡ ಜಾಹೀರಾತು ತುಂಬಿದ ಆ್ಯಪ್‌ಗಳು ಬಹಳ ಸಿಗುತ್ತವೆ. ಅವು ಇದಲ್ಲ, ಹಾಕಿಕೊಳ್ಳಬೇಡಿ.

ಎರಡೂ ಫೋನಿನಲ್ಲಿ ವೈಫೈ, ಬ್ಲೂಟೂತ್, ಲೊಕೇಶನ್ ಮೂರೂ ಆನ್ ಇರಬೇಕು. ವೈಫೈ ಯಾವುದಕ್ಕೂ ಕನೆಕ್ಟ್ ಆಗಿರಬೇಕಿಲ್ಲ, ಆನ್ ಇದ್ದರೆ ಸಾಕು. ಆಮೇಲೆ ಎರಡೂ ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ. ಇದೊಂದು ಅಭ್ಯಾಸ ಮಾಡಿಕೊಂಡರೆ ಡೇಟಾ ಹೋಯಿತಾ ಇಲ್ಲವಾ ಅನ್ನುವ ಅನುಮಾನವೇ ಉಳಿಯುವುದಿಲ್ಲ. ತಗೊಳ್ಳುವವರು ಮೇಲಿನಿಂದ ಪರದೆ ಎಳೆದು ಕ್ವಿಕ್ ಶೇರ್ ಬಟನ್ ಒತ್ತಿ, ಯಾರಿಗೆ ಕಾಣಬೇಕು ಅನ್ನುವಲ್ಲಿ Everyone ಆರಿಸಬೇಕು. ಕಳಿಸುವವರು ವಿಡಿಯೋ ಹಿಡಿದು ಶೇರ್ ಒತ್ತಿ, ಕ್ವಿಕ್ ಶೇರ್ ಆರಿಸಿದರೆ ಪಕ್ಕದ ಫೋನಿನ ಹೆಸರು ಬರುತ್ತದೆ. ಅದನ್ನು ಒತ್ತಿದ ಮೇಲೆ ಎರಡೂ ಕಡೆ ಒಂದು ಪಿನ್ ಕಾಣುತ್ತದೆ. ನಾಟಕದ ಗುಂಪಿನಲ್ಲಿ ಒಂದೇ ಕಂಪನಿಯ ಫೋನು ನಾಲ್ಕು ಜನರ ಹತ್ತಿರ ಇರುತ್ತದೆ, ಹೆಸರೂ ಒಂದೇ ತರಹ ತೋರಿಸುತ್ತದೆ. ಆ ಪಿನ್ ಎರಡೂ ಕಡೆ ಒಂದೇ ಇದೆಯಾ ಅಂತ ನೋಡಿಯೇ ಒಪ್ಪಿಗೆ ಕೊಡಿ.

ಇದು ಕೆಲಸ ಮಾಡುವ ರೀತಿ ತಿಳಿದಿದ್ದರೆ ಎಲ್ಲಿ ಕೈ ಕೊಡುತ್ತದೆ ಅನ್ನುವುದೂ ಗೊತ್ತಾಗುತ್ತದೆ. ಫೋನುಗಳು ಒಂದನ್ನೊಂದು ಹುಡುಕುವುದು ಬ್ಲೂಟೂತ್‌ನಿಂದ. ಹುಡುಕಿದ ಮೇಲೆ ತಾವೇ ನೇರ ವೈಫೈಗೆ ಬದಲಾಗುತ್ತವೆ. ಬದಲಾದರೆ ಫೈಲು ಓಡುತ್ತದೆ. ಎರಡೂ ಫೋನು 5 ಗಿಗಾಹರ್ಟ್ಸ್ ವೈಫೈ ಇರುವಂಥವಾದರೆ ಸೆಕೆಂಡಿಗೆ 30 ಎಂಬಿ ಆಸುಪಾಸು ಸಿಗುತ್ತದೆ, ನಮ್ಮ ರಾಯಭಾರದ ಸೀನು ಮೂರು ನಾಲ್ಕು ನಿಮಿಷದಲ್ಲಿ ಹೋಗುತ್ತದೆ. ಒಂದು ಫೋನು ಹಳೆಯದಾಗಿ ಬರೀ 2.4 ಗಿಗಾಹರ್ಟ್ಸ್ ಇದ್ದರೆ ಸೆಕೆಂಡಿಗೆ ನಾಲ್ಕೈದು ಎಂಬಿ, ಅಂದರೆ ಇಪ್ಪತ್ತು ಇಪ್ಪತ್ತೈದು ನಿಮಿಷ. ವೈಫೈಗೆ ಬದಲಾಗದೆ ಬ್ಲೂಟೂತ್‌ನಲ್ಲೇ ಉಳಿದುಬಿಟ್ಟರೆ? ಸೆಕೆಂಡಿಗೆ 200 ಕೆಬಿ ಸಿಕ್ಕಿದರೆ ಹೆಚ್ಚು. ಅದೇ ಸೀನಿಗೆ ಎಂಟು ಗಂಟೆ. ಇಡೀ ನಾಟಕವನ್ನೇ ಇನ್ನೊಂದು ಸಲ ಆಡಿ ಮುಗಿಸಬಹುದು!

ಆದ್ದರಿಂದ ಮೊದಲ ಅರ್ಧ ನಿಮಿಷ ಪರದೆ ನೋಡುತ್ತಾ ಇರಿ. ಶೇಕಡಾ ಲೆಕ್ಕ ಒಂದರ ಮೇಲೆ ಅಲ್ಲಾಡದೆ ಕೂತಿದ್ದರೆ ಅದು ವೈಫೈಗೆ ಬಂದಿಲ್ಲ ಅಂತಲೇ ಅರ್ಥ. ಕಾಯುವುದರಲ್ಲಿ ಲಾಭವಿಲ್ಲ, ರದ್ದು ಮಾಡಿ. ಇದಕ್ಕೆ ಸಾಮಾನ್ಯ ಕಾರಣ ಇಬ್ಬರಲ್ಲಿ ಒಬ್ಬರ ಹಾಟ್‌ಸ್ಪಾಟ್ ಆನ್ ಇರುವುದು. ನೇರ ವೈಫೈಗೆ ಬೇಕಾದ ರೇಡಿಯೋವನ್ನು ಅದು ಹಿಡಿದುಕೊಂಡಿರುತ್ತದೆ. ವಿಪಿಎನ್ ಮತ್ತು ಬ್ಯಾಟರಿ ಸೇವರ್ ಕೂಡ ಅಡ್ಡ ಬರುತ್ತವೆ. ಮೂರನ್ನೂ ಆಫ್ ಮಾಡಿ, ವೈಫೈ ಒಮ್ಮೆ ಆರಿಸಿ ಮತ್ತೆ ಹಚ್ಚಿ, ಪುನಃ ಕಳಿಸಿದರೆ ಬಹಳ ಸಲ ಸರಿಹೋಗುತ್ತದೆ.

ಡೇಟಾ ನುಂಗುವ ಜಾಗಗಳೂ ಇವೆ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಮಾಡಿ, ಆಮೇಲೆ ಜಾಗ ಖಾಲಿ ಮಾಡುವ ಬಟನ್ ಒತ್ತಿದ್ದರೆ ಆ ವಿಡಿಯೋ ಫೋನಿನಲ್ಲಿ ಇರುವುದೇ ಇಲ್ಲ. ಪರದೆಯಲ್ಲಿ ಕಾಣುವುದು ಚಿತ್ರ ಮಾತ್ರ. ಶೇರ್ ಒತ್ತಿದರೆ ಅದು ಮೊದಲು ಇಂಟರ್ನೆಟ್‌ನಿಂದ ಇಳಿಸಿಕೊಳ್ಳಲು ಹೋಗುತ್ತದೆ. ಹಾಗಾಗಿ ದೊಡ್ಡ ವಿಡಿಯೋಗಳನ್ನು ಗ್ಯಾಲರಿಯಿಂದ ಕಳಿಸುವ ಬದಲು ಫೈಲ್ಸ್ ಆ್ಯಪ್ ತೆರೆದು ಅಲ್ಲಿಂದ ಕಳಿಸುವುದು ನನಗೆ ಹೆಚ್ಚು ನಂಬಿಕೆ. ಅಲ್ಲಿ ಕಂಡದ್ದು ಫೋನಿನೊಳಗೆ ಇದ್ದೇ ಇರುತ್ತದೆ, ಸೈಜ್ ಕೂಡ ಕಾಣುತ್ತದೆ. ಇನ್ನೊಂದು, ಸ್ಯಾಮ್ಸಂಗ್ ಫೋನುಗಳಲ್ಲಿ ಲಿಂಕ್ ಮಾಡಿ ಕಳಿಸುವ ದಾರಿಯೂ ಇದೆ. ಅದು ಫೈಲನ್ನು ಕಂಪನಿಯ ಸರ್ವರ್‌ಗೆ ಏರಿಸಿ ಕಳಿಸುತ್ತದೆ, ನಮ್ಮ ಕೆಲಸಕ್ಕೆ ಬೇಡ.

ಶಿಯೋಮಿ, ಒಪ್ಪೋ, ವಿವೋ, ರಿಯಲ್‌ಮಿ ಫೋನುಗಳಲ್ಲಿ ಆಯಾ ಕಂಪನಿಯದೇ ಶೇರ್ ಕೂಡ ಇರುತ್ತದೆ, ಈ ಕಂಪನಿಗಳ ನಡುವೆ ಅದೂ ನಡೆಯುತ್ತದೆ. ಅಂಥ ಎರಡು ಫೋನು ಸೇರಿದ್ದು ಕ್ವಿಕ್ ಶೇರ್ ಹಟ ಹಿಡಿದರೆ ಅದನ್ನು ಪ್ರಯತ್ನಿಸಿ.

ಒಂದು ಐಫೋನ್ ಆದರೆ ಲೋಕಲ್‌ಸೆಂಡ್

ಬೆಂಗಳೂರಿನಲ್ಲಿ ಕೆಲಸ ಮಾಡುವ ಹುಡುಗರು ನಾಟಕಕ್ಕೆ ಅಂತ ಊರಿಗೆ ಬರುತ್ತಾರೆ, ಅವರಲ್ಲಿ ಒಂದಿಬ್ಬರ ಹತ್ತಿರ ಐಫೋನ್ ಇರುತ್ತದೆ. ಎರಡೂ ಐಫೋನ್ ಆದರೆ ಏರ್‌ಡ್ರಾಪ್ ಸಾಕು, ಬೇರೆ ಯೋಚನೆ ಬೇಡ. ಅದರಲ್ಲಿ ಒಂದೇ ಎಚ್ಚರಿಕೆ: ಐಒಎಸ್ 17ರ ಈಚೆಗೆ, ಕಳಿಸುತ್ತಿರುವಾಗ ಇಬ್ಬರೂ ದೂರ ಹೋದರೆ ಉಳಿದದ್ದನ್ನು ಇಂಟರ್ನೆಟ್‌ನಲ್ಲಿ ಮುಂದುವರಿಸುವ ವ್ಯವಸ್ಥೆ ಬಂದಿದೆ. ಸೆಟಿಂಗ್ಸ್‌ನ ಏರ್‌ಡ್ರಾಪ್ ಪುಟದಲ್ಲಿ ಮೊಬೈಲ್ ಡೇಟಾ ಬಳಸುವ ಆಯ್ಕೆಯನ್ನು ಆಫ್ ಮಾಡಿಡಿ.

ಆಂಡ್ರಾಯ್ಡ್‌ನಿಂದ ಐಫೋನಿಗೆ ಕಳಿಸುವುದೇ ತಲೆನೋವು. 2025ರ ನವೆಂಬರ್‌ನಲ್ಲಿ ಗೂಗಲ್ ತನ್ನ ಪಿಕ್ಸೆಲ್ 10 ಫೋನುಗಳಿಂದ ಏರ್‌ಡ್ರಾಪ್‌ಗೆ ಕಳಿಸುವ ಸೌಲಭ್ಯ ಶುರುಮಾಡಿತು. ನಮ್ಮ ಊರಿನ ನಾಟಕದ ಗುಂಪಿನಲ್ಲಿ ಅಂಥ ಫೋನು ಹುಡುಕುವುದು ಕಷ್ಟ. ನಾನು ಹೇಳುವುದು ಲೋಕಲ್‌ಸೆಂಡ್. ಸ್ಟೋರ್‌ನಲ್ಲಿ LocalSend ಅಂತ ಕೂಡಿಸಿ ಬರೆದು ಹುಡುಕಿ. ಉಚಿತ, ಜಾಹೀರಾತಿಲ್ಲ, ಅಕೌಂಟ್ ಬೇಡ, ಅದರ ಕೋಡ್ ಯಾರು ಬೇಕಾದರೂ ನೋಡಬಹುದು. ಆಂಡ್ರಾಯ್ಡ್, ಐಫೋನ್, ವಿಂಡೋಸ್ ಎಲ್ಲದರಲ್ಲೂ ಓಡುತ್ತದೆ. ಹಾಕಿಕೊಳ್ಳುವಾಗ ಮಾತ್ರ ಇಂಟರ್ನೆಟ್ ಬೇಕು. ಅದಕ್ಕೇ ನಾಟಕದ ಹಿಂದಿನ ದಿನವೇ ಎರಡೂ ಫೋನಿಗೆ ಹಾಕಿಟ್ಟುಕೊಳ್ಳಿ, ಮೈದಾನದಲ್ಲಿ ನಿಂತು ಟವರ್ ಹುಡುಕುವುದು ಬೇಡ.

ಕ್ವಿಕ್ ಶೇರ್ ತಾನೇ ದಾರಿ ಮಾಡಿಕೊಳ್ಳುತ್ತದೆ, ಲೋಕಲ್‌ಸೆಂಡ್ ಮಾಡಿಕೊಳ್ಳುವುದಿಲ್ಲ. ಎರಡೂ ಫೋನು ಒಂದೇ ವೈಫೈನಲ್ಲಿ ಇರಬೇಕು, ಆ ವೈಫೈಯನ್ನು ನಾವೇ ಮಾಡಿಕೊಡಬೇಕು. ಒಂದು ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿದರೆ ಅದೇ ಆ ವೈಫೈ. ಹಾಟ್‌ಸ್ಪಾಟ್ ಅಂದರೆ ಡೇಟಾ ಹೋಗುತ್ತದೆ ಅಂತ ಜನ ಹೆದರುತ್ತಾರೆ. ಫೈಲು ಹೋಗುವುದಕ್ಕೆ ಡೇಟಾ ಬೇಡ. ಆದರೆ ಹಾಟ್‌ಸ್ಪಾಟ್ ಕೊಟ್ಟ ಫೋನಿನಲ್ಲಿ ಮೊಬೈಲ್ ಡೇಟಾ ಆನ್ ಇದ್ದರೆ, ಸೇರಿಕೊಂಡ ಫೋನು ವೈಫೈ ಸಿಕ್ಕಿತು ಅಂತ ತನ್ನ ಆ್ಯಪ್ ಅಪ್‌ಡೇಟು, ಫೋಟೋ ಬ್ಯಾಕಪ್ಪು ಎಲ್ಲವನ್ನೂ ಶುರುಮಾಡಿಬಿಡುತ್ತದೆ. ನಿಮ್ಮ ಪ್ಯಾಕು ಖಾಲಿಯಾಗುವುದು ಹೀಗೆ. ಹಾಟ್‌ಸ್ಪಾಟ್ ಆನ್, ಮೊಬೈಲ್ ಡೇಟಾ ಆಫ್. ಹಾಗೆ ಮಾಡಬಹುದು, ಮಾಡಲೇಬೇಕು.

ಮೇಲಿನ ರಾಯಭಾರದ ಸೀನನ್ನೇ ಐಫೋನಿಗೆ ಕಳಿಸುವುದಾದರೆ ಹೀಗೆ. ಹಾಟ್‌ಸ್ಪಾಟನ್ನು ಆಂಡ್ರಾಯ್ಡ್ ಫೋನಿನಿಂದಲೇ ಕೊಡಿ. ಅದರ ಸೆಟಿಂಗ್‌ನಲ್ಲಿ ಬ್ಯಾಂಡ್ ಅನ್ನುವ ಕಡೆ 5 ಗಿಗಾಹರ್ಟ್ಸ್ ಆರಿಸಿ. ಬಹಳ ಫೋನುಗಳು 2.4ರಲ್ಲೇ ಇಟ್ಟಿರುತ್ತವೆ, ಲೋಕಲ್‌ಸೆಂಡ್ ನಿಧಾನ ಅಂತ ಬೈಸಿಕೊಳ್ಳುವುದು ಅದರಿಂದಲೇ. ಐಫೋನಿನಿಂದ ಆ ಹಾಟ್‌ಸ್ಪಾಟ್‌ಗೆ ಸೇರಿ. ಎರಡೂ ಕಡೆ ಲೋಕಲ್‌ಸೆಂಡ್ ತೆರೆಯಿರಿ. ಐಫೋನಿನಲ್ಲಿ ಮೊದಲ ಸಲ ತೆರೆದಾಗ ಲೋಕಲ್ ನೆಟ್‌ವರ್ಕ್‌ಗೆ ಅನುಮತಿ ಕೇಳುತ್ತದೆ. ಗಡಿಬಿಡಿಯಲ್ಲಿ ಬೇಡ ಅಂದುಬಿಟ್ಟರೆ ಆಮೇಲೆ ಎಷ್ಟು ಹುಡುಕಿದರೂ ಆ ಕಡೆ ಫೋನು ಕಾಣುವುದಿಲ್ಲ, ಯಾವ ತಪ್ಪು ಸಂದೇಶವೂ ಬರುವುದಿಲ್ಲ. ಆಗ ಸೆಟಿಂಗ್ಸ್‌ಗೆ ಹೋಗಿ ಆ ಅನುಮತಿಯನ್ನು ಆನ್ ಮಾಡಬೇಕು. ಕಳಿಸುವವರು Send ಪುಟದಲ್ಲಿ ವಿಡಿಯೋ ಆರಿಸಿ, ಕೆಳಗೆ ಬಂದ ಐಫೋನಿನ ಹೆಸರು ಒತ್ತಿದರೆ ಆ ಕಡೆ ಒಪ್ಪಿಗೆ ಕೇಳುತ್ತದೆ.

ಕಳಿಸುವಾಗ ಐಫೋನಿನ ಪರದೆ ಆರಬಾರದು, ಬೇರೆ ಆ್ಯಪ್‌ಗೂ ಹೋಗಬಾರದು. ಹೋದರೆ ಐಫೋನು ಲೋಕಲ್‌ಸೆಂಡನ್ನು ಹಿಂದೆ ಮಲಗಿಸುತ್ತದೆ, ಕೆಲಸ ಅರ್ಧಕ್ಕೆ ನಿಲ್ಲುತ್ತದೆ, ಮೊದಲಿನಿಂದ ಕಳಿಸಬೇಕಾಗುತ್ತದೆ. ಆ ಹೊತ್ತಿನಲ್ಲಿ ಫೋನು ಬಂದರೆ ಅಂತ ಏರೋಪ್ಲೇನ್ ಮೋಡ್ ಹಾಕಿ, ವೈಫೈ ಮಾತ್ರ ಮತ್ತೆ ಆನ್ ಮಾಡಿಕೊಳ್ಳುವವರೂ ಇದ್ದಾರೆ. ಒಳ್ಳೆಯ ಉಪಾಯ, ಡೇಟಾ ಹೋಗುವ ದಾರಿಯೂ ಮುಚ್ಚುತ್ತದೆ.

ತಗೊಳ್ಳುವುದೂ ಆಂಡ್ರಾಯ್ಡೇ ಆಗಿದ್ದರೆ ಬೇರೆ ತೊಂದರೆ ಒಂದಿದೆ. ಹಾಟ್‌ಸ್ಪಾಟ್‌ಗೆ ಸೇರಿದ ಕೂಡಲೇ ಈ ವೈಫೈಯಲ್ಲಿ ಇಂಟರ್ನೆಟ್ ಇಲ್ಲ, ಆದರೂ ಇರಬೇಕಾ ಅಂತ ಕೇಳುತ್ತದೆ. ಹೌದು ಅನ್ನಬೇಕು. ಅದನ್ನು ನೋಡದೆ ಬಿಟ್ಟರೆ ಫೋನು ಸುಮ್ನೆ ಮೊಬೈಲ್ ಡೇಟಾಗೆ ಜಾರಿಕೊಳ್ಳುತ್ತದೆ, ವೈಫೈ ಗುರುತಿನ ಪಕ್ಕ ಸಣ್ಣದೊಂದು ಆಶ್ಚರ್ಯಸೂಚಕ ಚಿಹ್ನೆ ಬರುತ್ತದೆ. ಎರಡು ಫೋನು ಒಂದೇ ವೈಫೈಯಲ್ಲಿದ್ದೂ ಒಂದನ್ನೊಂದು ಕಾಣುತ್ತಿಲ್ಲ ಅಂದರೆ ಮೊದಲು ನೋಡಬೇಕಾದದ್ದು ಇದನ್ನೇ. ತಗೊಳ್ಳುವ ಫೋನಿನ ಮೊಬೈಲ್ ಡೇಟಾ ಆಫ್ ಮಾಡಿದರೆ ಜಾರಲು ಜಾಗವೇ ಇರುವುದಿಲ್ಲ.

ತುಮಕೂರಿನ ಹಾಸ್ಟೆಲಿನಲ್ಲೋ ಲಾಡ್ಜಿನಲ್ಲೋ ಇರುವ ವೈಫೈಯನ್ನೇ ಬಳಸಬಹುದಲ್ವಾ ಅಂತ ಅನ್ನಿಸಬಹುದು. ಅಂಥ ಕಡೆ ಬಹಳ ಸಲ ಒಬ್ಬರ ಫೋನಿಗೆ ಇನ್ನೊಬ್ಬರ ಫೋನು ಕಾಣದ ಹಾಗೆ ರೂಟರಿನಲ್ಲಿ ತಡೆ ಹಾಕಿರುತ್ತಾರೆ. ಭದ್ರತೆಗಾಗಿ ಹಾಕುವ ತಡೆ ಅದು, ತಪ್ಪಲ್ಲ. ಅಲ್ಲಿ ಗುದ್ದಾಡುವ ಬದಲು ನಿಮ್ಮ ಹಾಟ್‌ಸ್ಪಾಟ್ ಮಾಡಿಕೊಳ್ಳಿ.

ಎಂಟು ಜನ ಸುತ್ತ ನಿಂತಿದ್ದರೆ

ಎಲ್ಲರ ಫೋನಿಗೂ ಆ್ಯಪ್ ಹಾಕಿಸುತ್ತಾ ಕೂರಲು ಆಗುವುದಿಲ್ಲ. ಲೋಕಲ್‌ಸೆಂಡ್‌ನಲ್ಲಿ ಕಳಿಸುವ ಬಗೆ ಆರಿಸುವ ಕಡೆ Share via link ಅಂತ ಇದೆ. ಅದನ್ನು ಒತ್ತಿದರೆ ಹೀಗೊಂದು ವಿಳಾಸ ಬರುತ್ತದೆ:

```
http://192.168.43.1:53317
```

ಮಧ್ಯದ ಅಂಕಿಗಳು ಫೋನಿನಿಂದ ಫೋನಿಗೆ ಬೇರೆ ಇರುತ್ತವೆ, ಕೊನೆಯ 53317 ಲೋಕಲ್‌ಸೆಂಡ್‌ನದು. ಹಾಟ್‌ಸ್ಪಾಟ್‌ಗೆ ಸೇರಿದವರು ತಮ್ಮ ಕ್ರೋಮ್‌ನಲ್ಲಿ ಇದನ್ನು ಟೈಪ್ ಮಾಡಿದರೆ ವಿಡಿಯೋದ ಹೆಸರು ಕಾಣುತ್ತದೆ, ಒತ್ತಿದರೆ ಇಳಿಯುತ್ತದೆ. ಇಂಟರ್ನೆಟ್ ವಿಳಾಸದ ಹಾಗೆ ಕಂಡರೂ ಇದು ನಿಮ್ಮ ಫೋನಿನ ವಿಳಾಸ, ಹೊರಗೆ ಹೋಗುವುದೇ ಇಲ್ಲ. ಇಲ್ಲಿ ತಗೊಳ್ಳುವವರಿಗೆ ಆ್ಯಪ್ ಬೇಡ. ನಾಟಕದ ಮೇಷ್ಟ್ರ ಹಳೆಯ ಫೋನಿಗೂ ಇದು ನಡೆಯುತ್ತದೆ. ಆದರೆ ಅವರ ಫೋನಿಗೆ ನಿಮ್ಮ ಹಾಟ್‌ಸ್ಪಾಟೇ ಕಾಣುತ್ತಿಲ್ಲ ಅಂದರೆ ಅದರಲ್ಲಿ 5 ಗಿಗಾಹರ್ಟ್ಸ್ ಇಲ್ಲ ಅಂತ. ಅವರಿಗಾಗಿ 2.4ಕ್ಕೆ ಇಳಿಸಿದರೆ ಎಲ್ಲರದೂ ನಿಧಾನವಾಗುತ್ತದೆ, ಹಾಗಾಗಿ ಅಂಥವರನ್ನು ಕೊನೆಗೆ ಇಟ್ಟುಕೊಳ್ಳಿ.

ಎಂಟೂ ಜನ ಒಟ್ಟಿಗೆ ಇಳಿಸಿಕೊಂಡರೆ ವೇಗ ಎಂಟು ಪಾಲಾಗುತ್ತದೆ. ನನಗೆ ಹೆಚ್ಚು ಹಿಡಿಸಿದ ದಾರಿ ಬೇರೆ. ಮೊದಲು ಒಬ್ಬರಿಗೆ ಕ್ವಿಕ್ ಶೇರ್‌ನಲ್ಲಿ ಕಳಿಸುವುದು. ಆಮೇಲೆ ಅವರು ಒಬ್ಬರಿಗೆ, ನಾನು ಇನ್ನೊಬ್ಬರಿಗೆ. ಈಗ ನಾನೂ ಸೇರಿ ನಾಲ್ಕು ಜನರ ಹತ್ತಿರ ಇದೆ, ಮುಂದಿನ ಸುತ್ತಿಗೆ ಎಂಟು. ಮೂರು ಸುತ್ತಿನಲ್ಲಿ ಏಳು ಜನರಿಗೆ ಸಿಕ್ಕಿತು, ಉಳಿದ ಒಬ್ಬರಿಗೆ ಇನ್ನೊಂದು ಸುತ್ತು. ಬಂದ ಫೈಲು ಡೌನ್‌ಲೋಡ್ ಫೋಲ್ಡರಿನಲ್ಲಿ ಇರುತ್ತದೆ ಅಂತ ಮೊದಲನೆಯವರಿಗೆ ಹೇಳಿಕೊಡಿ, ಇಲ್ಲದಿದ್ದರೆ ಗ್ಯಾಲರಿಯಲ್ಲಿ ಹುಡುಕುತ್ತಾ ಕೂರುತ್ತಾರೆ.

ಶೇರ್‌ಇಟ್, ಝೆಂಡರ್ ಬೇಡ

ಈಗಲೂ ಕೆಲವರು ಶೇರ್‌ಇಟ್ ಹಾಕ್ಕೋ ಅನ್ನುತ್ತಾರೆ. 2020ರ ಜೂನ್ 29ರಂದು ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಶೇರ್‌ಇಟ್, ಝೆಂಡರ್ ಎರಡೂ ಇವೆ. ಪ್ಲೇ ಸ್ಟೋರ್‌ನಲ್ಲಿ ಸಿಗುವುದಿಲ್ಲ ಅಂತ ಅವುಗಳ ಎಪಿಕೆ ಫೈಲನ್ನು ಒಬ್ಬರಿಂದ ಒಬ್ಬರು ಪಡೆದು ಹಾಕಿಕೊಳ್ಳುತ್ತಾರೆ. ಆ ಫೈಲಿನೊಳಗೆ ಯಾರು ಏನು ಸೇರಿಸಿದ್ದಾರೆ ಅಂತ ತಿಳಿಯುವ ದಾರಿ ಇಲ್ಲ, ಅಪ್‌ಡೇಟೂ ಬರುವುದಿಲ್ಲ. 2021ರ ಫೆಬ್ರವರಿಯಲ್ಲಿ ಟ್ರೆಂಡ್ ಮೈಕ್ರೋ ಎಂಬ ಭದ್ರತಾ ಕಂಪನಿ ಶೇರ್‌ಇಟ್‌ನ ಆಂಡ್ರಾಯ್ಡ್ ಆ್ಯಪ್‌ನಲ್ಲಿದ್ದ ಗಂಭೀರ ದೋಷಗಳನ್ನು ಬಯಲಿಗೆ ತಂದಿತ್ತು. ಅದೇ ಫೋನಿನಲ್ಲಿ ನಿಮ್ಮ ಫೋನ್‌ಪೇ, ಬ್ಯಾಂಕು ಎಲ್ಲ ಇದೆ. ಹತ್ತು ವರ್ಷದ ಹಿಂದೆ ಇವು ಬಿಟ್ಟರೆ ಸುಲಭದ ದಾರಿ ಹೆಚ್ಚೇನೂ ಇರಲಿಲ್ಲ, ಈಗ ಇದೆ.

ಇಡೀ ರಾತ್ರಿಯ ನಾಟಕವಾದರೆ

ಎಂಟು ಗಂಟೆಯ ನಾಟಕ 60 ಜಿಬಿ ದಾಟುತ್ತದೆ. ಅಷ್ಟನ್ನು ಗಾಳಿಯಲ್ಲಿ ಕಳಿಸುವುದಕ್ಕಿಂತ ವಯರೇ ವಾಸಿ. ಎರಡೂ ಫೋನಿಗೆ ಟೈಪ್ ಸಿ ಇದ್ದರೆ ಒಂದು ಸಿ-ಟು-ಸಿ ಕೇಬಲ್ ಸಾಕು. ನೋಟಿಫಿಕೇಶನ್‌ನಲ್ಲಿ ಚಾರ್ಜಿಂಗ್ ಅಂತ ಇರುವುದನ್ನು ಒತ್ತಿ ಫೈಲ್ ಟ್ರಾನ್ಸ್‌ಫರ್ ಆರಿಸಿದರೆ ಒಂದು ಫೋನು ಇನ್ನೊಂದರ ಫೈಲ್ಸ್ ಆ್ಯಪ್‌ನಲ್ಲಿ ಕಾಣುತ್ತದೆ. ಸಾಮಾನ್ಯ ಕೇಬಲ್ಲಿನ ವೇಗ 5 ಗಿಗಾಹರ್ಟ್ಸ್ ವೈಫೈಗಿಂತ ಜಾಸ್ತಿ ಏನೂ ಇರುವುದಿಲ್ಲ, ಆದರೆ ಮಧ್ಯದಲ್ಲಿ ಕಡಿದುಹೋಗುವ ಭಯ ಕಡಿಮೆ.

ಒಟಿಜಿ ಪೆನ್‌ಡ್ರೈವ್ ಹಾಕುವವರು ಒಂದನ್ನು ತಿಳಿದಿರಬೇಕು. ಅಂಗಡಿಯಲ್ಲಿ ತಂದ ಪೆನ್‌ಡ್ರೈವ್ ಎಷ್ಟೋ ಸಲ ಫ್ಯಾಟ್32 ಮಾದರಿಯಲ್ಲಿ ಇರುತ್ತದೆ. ಅದರಲ್ಲಿ ಒಂದೊಂದು ಫೈಲು 4 ಜಿಬಿಗಿಂತ ಕಡಿಮೆ ಇರಬೇಕು. 64 ಜಿಬಿ ಖಾಲಿ ಇದ್ದರೂ ನಮ್ಮ 5.8 ಜಿಬಿಯ ಸೀನು ಹಿಡಿಸುವುದಿಲ್ಲ, ಜಾಗ ಇಲ್ಲ ಅಂತಲೋ ಕಾಪಿ ಆಗಲಿಲ್ಲ ಅಂತಲೋ ಬರುತ್ತದೆ. ಕಂಪ್ಯೂಟರಿನಲ್ಲಿ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಸಿ, ನಿಮ್ಮ ಫೋನು ಅದನ್ನು ಓದುತ್ತದೆಯಾ ಅಂತ ನಾಟಕಕ್ಕೆ ಮುಂಚೆಯೇ ನೋಡಿಕೊಳ್ಳಿ. ಫಾರ್ಮ್ಯಾಟ್ ಮಾಡಿದರೆ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ.

ಬಂದದ್ದು ಪೂರ್ತಿ ಬಂತಾ?

ಯಾವ ದಾರಿಯಲ್ಲಿ ಕಳಿಸಿದರೂ ಮೂಲ ಅಳಿಸುವ ಮೊದಲು ಎರಡೂ ಫೋನಿನಲ್ಲಿ ಫೈಲಿನ ಸೈಜ್ ಪಕ್ಕಪಕ್ಕ ಇಟ್ಟು ನೋಡಿ. ಒಂದೇ ಇರಬೇಕು. ಆಮೇಲೆ ವಿಡಿಯೋ ತೆರೆದು ಕೊನೆಯ ಒಂದು ನಿಮಿಷ ಓಡಿಸಿ. ಫೋನಿನಲ್ಲಿ ರೆಕಾರ್ಡ್ ಮಾಡಿದ ಎಂಪಿ4 ಫೈಲಿನಲ್ಲಿ ಯಾವ ದೃಶ್ಯ ಎಲ್ಲಿದೆ ಅನ್ನುವ ಪಟ್ಟಿ ಸಾಮಾನ್ಯವಾಗಿ ಕೊನೆಯಲ್ಲಿ ಇರುತ್ತದೆ. ಫೈಲಿನ ಬಾಲ ಬರದಿದ್ದರೆ ಆ ಪಟ್ಟಿಯೇ ಇಲ್ಲ. ಅದಕ್ಕೇ ಮುಕ್ಕಾಲು ಭಾಗ ಬಂದ ವಿಡಿಯೋ ಮುಕ್ಕಾಲು ಭಾಗ ಓಡುವುದಿಲ್ಲ, ತೆರೆಯುವುದೇ ಇಲ್ಲ.

ಸೈಜ್ ಸರಿ ಇದ್ದು, ದನಿ ಮಾತ್ರ ಕೇಳಿ ಚಿತ್ರ ಕಪ್ಪಗೆ ಬಂದರೆ ಕಳಿಸಿದ್ದರಲ್ಲಿ ತಪ್ಪಿಲ್ಲ. ಕ್ಯಾಮೆರಾ ಎಚ್ಇವಿಸಿ ಮಾದರಿಯಲ್ಲಿ ರೆಕಾರ್ಡ್ ಮಾಡಿದೆ, ತಗೊಂಡ ಹಳೆಯ ಫೋನಿಗೆ ಅದನ್ನು ತೋರಿಸಲು ಬರುತ್ತಿಲ್ಲ. ವಿಎಲ್‌ಸಿ ಪ್ಲೇಯರ್ ಹಾಕಿ ನೋಡಿ. ಮುಂದಿನ ನಾಟಕಕ್ಕೆ ಕ್ಯಾಮೆರಾ ಸೆಟಿಂಗ್‌ನಲ್ಲಿ ಎಚ್.264 ಆರಿಸಿಕೊಂಡರೆ ಫೈಲು ಸ್ವಲ್ಪ ದೊಡ್ಡದಾಗುತ್ತದೆ, ಆದರೆ ಊರಿನ ಎಲ್ಲರ ಫೋನಿನಲ್ಲೂ ಓಡುತ್ತದೆ.